ಸೆಟೆದ ಕೈಕಾಲಿನ ಮಗುವಿನ ಎತ್ತರ: ಮಂಡಿ ಎತ್ತರ ಮತ್ತು ಟಿಬಿಯಾ ಉದ್ದದಿಂದ ಲೆಕ್ಕ ಹಾಕುವುದು

ಸೆರೆಬ್ರಲ್ ಪಾಲ್ಸಿ ಇರುವ ಮಗು ಗೋಡೆಗೆ ಒರಗಿ ನೆಟ್ಟಗೆ ನಿಲ್ಲಲಾರದು ಅಂದಾಗ ನಾವು ಸಾಮಾನ್ಯವಾಗಿ ಏನು ಮಾಡುತ್ತೇವೆ? ಮಲಗಿಸಿ, ತಲೆಯಿಂದ ಹಿಮ್ಮಡಿಯವರೆಗೆ ಟೇಪ್ ಹಿಡಿಯುತ್ತೇವೆ. ಮಂಡಿ ಮತ್ತು ಸೊಂಟದ ಕೀಲುಗಳು ಪೂರ್ತಿ ಬಿಚ್ಚಿಕೊಳ್ಳದಿದ್ದರೆ ಈ ಅಳತೆ ಯಾವಾಗಲೂ ಕಡಿಮೆಯೇ ಬರುತ್ತದೆ. ಎರಡು ಕೈ ಚಾಚಿ ಅಳೆಯೋಣ ಅಂದರೆ ಮೊಣಕೈ, ಮಣಿಕಟ್ಟು ಸೆಟೆದಿರುತ್ತವೆ. ಹಾಗಾಗಿ ಮಡಚಿದರೂ ಉದ್ದ ಬದಲಾಗದ ಒಂದು ಭಾಗ ಬೇಕು. ಆ ಕೆಲಸಕ್ಕೆ ಮಂಡಿಯಿಂದ ಕೆಳಗಿನ ಕಾಲು ತುಂಬಾ ಒಳ್ಳೆಯದು. ಈ ಟಿಪ್ಪಣಿ ಅದರ ಬಗ್ಗೆ ಮಾತ್ರ.

ಬಳಕೆಯಲ್ಲಿರುವ ಸೂತ್ರಗಳನ್ನು ಸ್ಟೀವನ್ಸನ್ 1995ರಲ್ಲಿ ಪ್ರಕಟಿಸಿದರು. ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳನ್ನೇ ಅಳೆದು ಮಾಡಿದ ಸೂತ್ರಗಳಿವು, 12 ವರ್ಷದವರೆಗಿನ ಮಕ್ಕಳಿಗೆ. ಎಲ್ಲವೂ ಸೆಂಟಿಮೀಟರಿನಲ್ಲಿ:

```
ಎತ್ತರ = (2.69 × ಮಂಡಿ ಎತ್ತರ) + 24.2
ಎತ್ತರ = (3.26 × ಟಿಬಿಯಾ ಉದ್ದ) + 30.8
ಎತ್ತರ = (4.35 × ಮೇಲ್ತೋಳಿನ ಉದ್ದ) + 21.8
```

ಗುಣಿಸುವ ಸಂಖ್ಯೆಯನ್ನು ಗಮನಿಸಿ. ಅಳತೆಯಲ್ಲಿ 1 ಸೆಂ.ಮೀ. ತಪ್ಪಿದರೆ ಎತ್ತರದಲ್ಲಿ ಅಷ್ಟು ತಪ್ಪು ಸೇರಿಕೊಳ್ಳುತ್ತದೆ: ಮಂಡಿ ಎತ್ತರದಲ್ಲಾದರೆ 2.7, ಮೇಲ್ತೋಳಿನಲ್ಲಾದರೆ 4 ಸೆಂ.ಮೀ.ಗೂ ಜಾಸ್ತಿ. ಸೂತ್ರದ್ದೇ ಆದ ದೋಷವೂ ಮಂಡಿ ಎತ್ತರಕ್ಕೆ ಅತಿ ಕಡಿಮೆ, ಸುಮಾರು 1.1 ಸೆಂ.ಮೀ.; ಟಿಬಿಯಾಕ್ಕೆ 1.4, ಮೇಲ್ತೋಳಿಗೆ 1.7. ಅಂದರೆ ಮಂಡಿ ಎತ್ತರ ಸರಿಯಾಗಿ ಸಿಗುವಂತಿದ್ದರೆ ಮೊದಲು ಅದನ್ನೇ ತೆಗೆದುಕೊಳ್ಳಬೇಕು.

ಮಂಡಿ ಎತ್ತರ ಅಳೆಯುವಾಗ ಮಂಡಿಯೂ 90 ಡಿಗ್ರಿ, ಪಾದದ ಕೀಲೂ 90 ಡಿಗ್ರಿ ಮಡಚಿರಬೇಕು. ಮಗು ಅಂಗಾತ ಮಲಗಿದ್ದರೂ ಸರಿ, ಕುಳಿತಿದ್ದರೂ ಸರಿ. ಬೂಟು, ಸ್ಪ್ಲಿಂಟ್ ಎರಡನ್ನೂ ಬಿಚ್ಚಿ. ಉದ್ದ ಕ್ಯಾಲಿಪರಿನ ಒಂದು ಅಲಗು ಹಿಮ್ಮಡಿಯ ಕೆಳಗೆ, ಇನ್ನೊಂದು ಮಂಡಿಚಿಪ್ಪಿನ ಸ್ವಲ್ಪ ಮೇಲೆ ತೊಡೆಯ ಮೇಲ್ಮೈಗೆ. ಕ್ಯಾಲಿಪರಿನ ಕೋಲು ಕಣಕಾಲಿನ ಮೂಳೆಗೆ ಸಮಾನಾಂತರವಾಗಿರಲಿ. ಓರೆಯಾದರೆ ಓದು ಬದಲಾಗುತ್ತದೆ. ಮಾಂಸಖಂಡ ಸ್ವಲ್ಪ ತಗ್ಗುವಷ್ಟು ಒತ್ತಿ ಓದಬೇಕು. ಕಾಲನ್ನು ಜೋರಾಗಿ ಮಡಚಬೇಡಿ. ಸ್ಪಾಸ್ಟಿಸಿಟಿ ಇರುವ ಸ್ನಾಯು ವೇಗವಾಗಿ ಎಳೆದಷ್ಟೂ ಬಿಗಿಯುತ್ತದೆ, ನಿಧಾನಕ್ಕೆ ಎಳೆದರೆ ಸಡಿಲ ಬಿಡುತ್ತದೆ. ಅಮ್ಮನೋ ಅಪ್ಪನೋ ಪಕ್ಕದಲ್ಲಿ ಮಾತಾಡಿಸುತ್ತಿರುವಾಗ ಕಾಲು ತಾನಾಗಿ ಸಡಿಲವಾಗುವುದನ್ನು ಕೈಯಲ್ಲೇ ತಿಳಿಯಬಹುದು. ಓದಲು ಸರಿಯಾದ ಹೊತ್ತು ಅದೇ.

ಇಲ್ಲಿ ಜಾಸ್ತಿ ತಪ್ಪಾಗುವುದು ಪಾದದಲ್ಲಿ. ಎಷ್ಟೋ ಮಕ್ಕಳಿಗೆ ಹಿಮ್ಮಡಿಯ ಸ್ನಾಯುರಜ್ಜು ಗಿಡ್ಡವಾಗಿ ಪಾದ ಕೆಳಗೆ ಬಾಗಿಯೇ ಉಳಿದಿರುತ್ತದೆ, ಬೆರಳ ತುದಿಯಲ್ಲಿ ನಿಂತ ಹಾಗೆ. ಆಗ ಕೆಳಗಿನ ಅಲಗು ಹಿಮ್ಮಡಿಗೆ ತಾಗುವ ಮೊದಲೇ ಪಾದದ ಮುಂಭಾಗಕ್ಕೆ ತಾಗುತ್ತದೆ. ಹಾಗೆಯೇ ಓದಿಬಿಟ್ಟರೆ 2 ಸೆಂ.ಮೀ. ಹೆಚ್ಚಿಗೆ ಬರುವುದು ಕಷ್ಟವೇನಲ್ಲ, ಮಗು ಲೆಕ್ಕದಲ್ಲಿ 5 ಸೆಂ.ಮೀ.ಗಿಂತ ಜಾಸ್ತಿ ಬೆಳೆದುಬಿಡುತ್ತದೆ. ಗುರುತು ಹಿಡಿಯುವುದು ಸುಲಭ: ಅಲಗು ಮತ್ತು ಹಿಮ್ಮಡಿಯ ನಡುವೆ ಬೆಳಕು ಕಂಡರೆ ಆ ಓದು ಬೇಡ.

ಅಂಥ ಮಗುವಿಗೆ ಟಿಬಿಯಾ ಉದ್ದ. ಇದರಲ್ಲಿ ಪಾದ ಲೆಕ್ಕಕ್ಕೇ ಬರುವುದಿಲ್ಲ, ಕೀಲು 90 ಡಿಗ್ರಿಗೆ ಬರಬೇಕೆಂದೂ ಇಲ್ಲ. ಕಷ್ಟವಿರುವುದು ಮೇಲಿನ ಗುರುತು ಹುಡುಕುವುದರಲ್ಲಿ. ಮಂಡಿಯನ್ನು ಸ್ವಲ್ಪ ಮಡಚಿ, ಮಂಡಿಚಿಪ್ಪಿನ ಕೆಳಗಿನ ಗಟ್ಟಿ ಸ್ನಾಯುರಜ್ಜಿನ ಪಕ್ಕ, ಕಾಲಿನ ಒಳಬದಿಯಲ್ಲಿ ಹೆಬ್ಬೆರಳಿಡಿ. ಒಂದು ತಗ್ಗು ಸಿಗುತ್ತದೆ. ತೊಡೆ ಮೂಳೆ ಮತ್ತು ಟಿಬಿಯಾ ಸೇರುವ ಸಂದು ಅದು. ಮಂಡಿಯನ್ನು ಮೆಲ್ಲಗೆ ಆಡಿಸಿದರೆ ಸಂದು ಇನ್ನೂ ಸ್ಪಷ್ಟ. ಅದರ ಕೆಳ ಅಂಚೇ ಟಿಬಿಯಾದ ಮೇಲಂಚು, ಅಲ್ಲಿ ಪೆನ್ನಿನಿಂದ ಗುರುತು ಹಾಕಿ. ಕೆಳಗಿನ ಗುರುತು ಪಾದದ ಕೀಲಿನ ಒಳಬದಿಯ ಮೂಳೆಗಂಟಿನ ಕೆಳ ಅಂಚು. ಗಂಟಿನ ನಡುವೆ ಅಲ್ಲ, ಅಂಚಿನಲ್ಲಿ. ಎರಡರ ನಡುವೆ ಹಿಗ್ಗದ ಟೇಪನ್ನು ನೇರವಾಗಿ ಹಿಡಿಯಬೇಕು, ಮೀನಖಂಡದ ಮೇಲೆ ಬಾಗಿಸಬಾರದು.

ಯಾವ ಕಾಲು? ತೊಂದರೆ ಕಡಿಮೆ ಇರುವ ಕಡೆಯದು. ಒಂದು ಬದಿಗೆ ಮಾತ್ರ ಬಾಧೆ ಇದ್ದರೆ ಆ ಬದಿಯ ಕಾಲು ನಿಜಕ್ಕೂ ಗಿಡ್ಡವಾಗಿ ಬೆಳೆದಿರಬಹುದು.

ಕಲಿಕೆಗಾಗಿ ಒಂದು ಉದಾಹರಣೆ ಮಾಡಿಕೊಳ್ಳೋಣ. 7 ವರ್ಷದ ಹುಡುಗ, ನಾಲ್ಕೂ ಕೈಕಾಲು ಸೆಟೆದಿವೆ, ತೂಕ 14 ಕೆ.ಜಿ. ಟೇಪಿನಲ್ಲಿ ಮಲಗಿಸಿ ಅಳೆದಾಗ 104 ಸೆಂ.ಮೀ. ಮಂಡಿ ಎತ್ತರ ಮೂರು ಸಲ ತೆಗೆದಾಗ 32.9, 33.0, 33.1. ಸರಾಸರಿ 33.0. ಈಗ 2.69 × 33.0 = 88.8, ಅದಕ್ಕೆ 24.2 ಸೇರಿಸಿದರೆ 113.0 ಸೆಂ.ಮೀ. ಅಡ್ಡಪರೀಕ್ಷೆಗೆ ಟಿಬಿಯಾ: 25.0 ಸೆಂ.ಮೀ. 3.26 × 25.0 = 81.5, 30.8 ಸೇರಿ 112.3. ಎರಡೂ ಸೂತ್ರಗಳ ನಡುವೆ 0.7 ಅಷ್ಟೇ, ಹಾಗಾಗಿ ನಂಬಬಹುದು. 4–5 ಸೆಂ.ಮೀ. ಅಂತರ ಬಂದಿದ್ದರೆ ಸರಾಸರಿ ಮಾಡಿ ಮುಂದೆ ಹೋಗಬಾರದು; ಗುರುತುಗಳನ್ನು ಮತ್ತೆ ಹುಡುಕಬೇಕು, ಪಾದವನ್ನು ಮತ್ತೆ ನೋಡಬೇಕು.

104 ಮತ್ತು 113ರ ವ್ಯತ್ಯಾಸ ಎಲ್ಲಿ ಕಾಣುತ್ತದೆ ನೋಡಿ. 104 ಹಿಡಿದರೆ ಬಿಎಂಐ 12.9. 113 ಹಿಡಿದರೆ 11.0. ತಪ್ಪು ಎತ್ತರ ಈ ಹುಡುಗನನ್ನು ಕುಳ್ಳ ಅಂತ ತೋರಿಸಿ, ಅವನು ಎಷ್ಟು ತೆಳ್ಳಗಿದ್ದಾನೆ ಅನ್ನುವುದನ್ನು ಮುಚ್ಚಿಬಿಡುತ್ತದೆ. "ಗಾತ್ರಕ್ಕೆ ತಕ್ಕ ತೂಕ, ಈ ಮಕ್ಕಳು ಇರುವುದೇ ಹೀಗೆ" ಅಂತ ಯಾರೋ ಹೇಳಿ ಕಳಿಸಿದರೆ, ಸಾಕಷ್ಟು ಊಟ ಸೇರದ ಮಗು ಹಾಗೆಯೇ ಮನೆಗೆ ಹೋಗುತ್ತದೆ. ನನಗೆ ಈ ಅಳತೆಯಲ್ಲಿ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇದೇ. ಆದರೆ ಈ ಮಕ್ಕಳ ಸ್ನಾಯು ಕಡಿಮೆ ಇರುವುದರಿಂದ ಬಿಎಂಐ ಒಂದನ್ನೇ ನಂಬಿ ತೀರ್ಮಾನಿಸಬಾರದು. ತೋಳಿನ ಹಿಂಬದಿಯ ಚರ್ಮದ ಮಡಿಕೆಯ ದಪ್ಪವನ್ನೂ ಅಳೆಯಬೇಕು.

ಆರು ತಿಂಗಳ ಬಳಿಕ ಅದೇ ಹುಡುಗ ಬರುತ್ತಾನೆ ಅಂದುಕೊಳ್ಳಿ. ಟಿಬಿಯಾ 25.6, ಅಂದರೆ 114.3 ಸೆಂ.ಮೀ. ಕಳೆದ ಸಲದ ಟಿಬಿಯಾ ಲೆಕ್ಕ 112.3 ಆಗಿತ್ತು, ಬೆಳವಣಿಗೆ 2.0. ಯಾರಾದರೂ ಇದನ್ನು ಹಳೆಯ ಮಂಡಿ ಎತ್ತರದ 113.0ಕ್ಕೆ ಹೋಲಿಸಿದರೆ ಬೆಳವಣಿಗೆ ಬರೀ 1.3 ಅಂತ ಕಾಣುತ್ತದೆ. ಮಗು ಬೆಳೆದದ್ದು 2.0 ಸೆಂ.ಮೀ.ಯೇ, ಬದಲಾದದ್ದು ವಿಧಾನ. ಹಾಗಾಗಿ ಚಾರ್ಟಿನಲ್ಲಿ ಸುಮ್ನೆ "ಎತ್ತರ 113" ಅಂತ ಬರೆಯಬೇಡಿ. ಯಾವ ಭಾಗ, ಯಾವ ಕಡೆ, ಮೂಲ ಓದು ಎಷ್ಟು, ಯಾವ ಸೂತ್ರ ಅಂತ ಬರೆಯಿರಿ: "ಎಡ ಮಂಡಿ ಎತ್ತರ 33.0, ಸ್ಟೀವನ್ಸನ್, ಅಂದಾಜು 113.0".

ಇನ್ನೆರಡು ಮಿತಿಗಳಿವೆ. ಬೆನ್ನುಮೂಳೆ ಬಹಳ ಬಾಗಿರುವ ಮಗುವಿನಲ್ಲಿ ಈ ಸೂತ್ರ ಹೇಳುವುದು ಬೆನ್ನು ನೇರವಿದ್ದಿದ್ದರೆ ಎಷ್ಟು ಎತ್ತರ ಇರುತ್ತಿತ್ತು ಅನ್ನುವುದನ್ನು, ಮಲಗಿರುವ ದೇಹದ ಈಗಿನ ಉದ್ದವನ್ನಲ್ಲ. 12 ವರ್ಷ ದಾಟಿದವರಿಗೆ ಸ್ಟೀವನ್ಸನ್ ಸೂತ್ರ ಎಳೆದು ಹಾಕಬಾರದು. ಅವರಿಗೆ ಚಮ್ಲಿಯಾ 1994ರಲ್ಲಿ ಕೊಟ್ಟ ಮಂಡಿ ಎತ್ತರದ ಸೂತ್ರಗಳಿವೆ, 6ರಿಂದ 18 ವರ್ಷಕ್ಕೆ, ಹುಡುಗರಿಗೂ ಹುಡುಗಿಯರಿಗೂ ಬೇರೆ ಬೇರೆ. ಅವನ್ನು ಮಾಡಿದ್ದು ಅಮೆರಿಕದ ಬಿಳಿಯ ಮತ್ತು ಕಪ್ಪು ಮಕ್ಕಳ ಅಳತೆಯಿಂದ, ದೋಷವೂ 4 ಸೆಂ.ಮೀ. ಹತ್ತಿರ. ಆ ವಯಸ್ಸಿನವರಲ್ಲಿ ಸೂತ್ರದಿಂದ ಬಂದ ಎತ್ತರಕ್ಕಿಂತ, ಒಂದೇ ಕಾಲಿನ ಮಂಡಿ ಎತ್ತರವನ್ನೇ ಭೇಟಿಯಿಂದ ಭೇಟಿಗೆ ನೋಡುತ್ತಾ ಹೋಗುವುದು ಹೆಚ್ಚು ಭರವಸೆಯ ದಾರಿ.