ಸ್ಕ್ರೀನ್‌ನಲ್ಲಿ ಚೆಂದ, ಆಲ್ಬಮ್‌ನಲ್ಲಿ ಕಪ್ಪು: ಸ್ಟುಡಿಯೋಗೆ ಎಂಥ ಕಂಪ್ಯೂಟರ್?

ಪ್ರಶ್ನೆ: ಬದಿಯಡ್ಕದಲ್ಲಿ ನಮ್ಮದೊಂದು ಸಣ್ಣ ಸ್ಟುಡಿಯೋ. ಮದುವೆ ಫೋಟೋ, ಆಮಂತ್ರಣ ಪತ್ರಿಕೆ ಎರಡೂ ಮಾಡುತ್ತೇವೆ. ಸ್ಕ್ರೀನ್‌ನಲ್ಲಿ ಸರಿಯಾಗಿ ಕಾಣುವ ಫೋಟೋ ಲ್ಯಾಬ್‌ನಿಂದ ಕಪ್ಪಾಗಿ ಬರುತ್ತದೆ. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇರುವ ಹೊಸ ಕಂಪ್ಯೂಟರ್ ತೆಗೆದುಕೊಂಡರೆ ಸರಿಹೋಗುತ್ತದಾ?

ಉತ್ತರ: ಇಲ್ಲ. ಗ್ರಾಫಿಕ್ಸ್ ಕಾರ್ಡ್‌ನಿಂದ ಬಣ್ಣ ಸರಿಯಾಗುವುದಿಲ್ಲ. ಆ ದುಡ್ಡನ್ನು ಮಾನಿಟರ್‌ಗೆ ಹಾಕಿ.

ಪ್ರಿಂಟ್ ಕಪ್ಪಾಗಲು ಹೆಚ್ಚಿನ ಸಲ ಕಾರಣ ಮಾನಿಟರ್‌ನ ಬೆಳಕು. ಅಂಗಡಿಯಿಂದ ಬಂದಾಗ ಅದು 250ರಿಂದ 300 ನಿಟ್ಸ್‌ನಷ್ಟು ಉರಿಯುತ್ತಿರುತ್ತದೆ. ಪ್ರಿಂಟ್ ಕೆಲಸಕ್ಕೆ 100ರಿಂದ 120 ಸಾಕು. ಬೆಳಕು ಜಾಸ್ತಿ ಇದ್ದರೆ ಫೋಟೋ ಬೆಳ್ಳಗೆ ಕಾಣುತ್ತದೆ, ನೀವು ಇನ್ನಷ್ಟು ಕಪ್ಪು ಮಾಡಿ ಕಳಿಸುತ್ತೀರಿ. ಇದನ್ನು ಇವತ್ತೇ ನೋಡಬಹುದು. ಕಿಟಕಿ ಮುಚ್ಚಿ, ಟ್ಯೂಬ್‌ಲೈಟ್ ಹಾಕಿ. ಸ್ಕ್ರೀನ್‌ನಲ್ಲಿ ಖಾಲಿ ಬಿಳಿ ಪುಟ ತೆರೆದು, ಪಕ್ಕದಲ್ಲೇ ಒಂದು ಬಿಳಿ ಹಾಳೆ ಹಿಡಿಯಿರಿ. ಸ್ಕ್ರೀನ್ ಲೈಟಿನ ಹಾಗೆ ಉರಿಯದೆ ಹಾಳೆಯಷ್ಟೇ ಬೆಳ್ಳಗೆ ಕಾಣುವವರೆಗೆ ಬ್ರೈಟ್‌ನೆಸ್ ಇಳಿಸಿ. ಈಗ ಲ್ಯಾಬ್‌ನಿಂದ ಬಂದ ಹಳೇ ಪ್ರಿಂಟ್ ಮತ್ತು ಅದರ ಫೈಲ್ ಎರಡನ್ನೂ ಹೋಲಿಸಿ. ಕಪ್ಪಿನ ಗುಟ್ಟು ಅಲ್ಲೇ ತಿಳಿಯುತ್ತದೆ.

ಹೊಸ ಮಾನಿಟರ್ ಕೊಳ್ಳುವಾಗ ಐಪಿಎಸ್ ಪ್ಯಾನೆಲ್, ಪೂರ್ತಿ 100% sRGB ಇದೆಯಾ ಎಂದು ಕೇಳಿ. ಡಬ್ಬದ ಮೇಲೆ 45% NTSC ಎಂದಿದ್ದರೆ ಬೇಡ, ಕೆಂಪು ಸೀರೆಯ ಬಣ್ಣವೇ ಅದರಲ್ಲಿ ಪೂರ್ತಿ ಕಾಣುವುದಿಲ್ಲ. ಜೊತೆಗೆ ಒಂದು ಕ್ಯಾಲಿಬ್ರೇಟರ್ ಬೇಕು. ಅದು ಸ್ಕ್ರೀನ್ ಮೇಲೆ ಇಟ್ಟು ಬಣ್ಣ ಅಳೆಯುವ ಸಣ್ಣ ಸಾಧನ. ಒಬ್ಬರೇ ಕೊಳ್ಳುವುದು ಕಷ್ಟವಾದರೆ ಊರಿನ ಎರಡು ಮೂರು ಸ್ಟುಡಿಯೋದವರು ಸೇರಿ ಕೊಳ್ಳಿ, ತಿಂಗಳಿಗೊಮ್ಮೆ ಅಳೆದರೆ ಸಾಕು.

ಕಂಪ್ಯೂಟರ್ ವಿಷಯ ಸುಲಭ. ಈಗಿನ ಮಧ್ಯಮ ದರ್ಜೆಯ ಪ್ರೊಸೆಸರ್, 32 ಜಿಬಿ ರ‍್ಯಾಮ್, ಕೆಲಸಕ್ಕೆ 1 ಟಿಬಿ ಎಸ್‌ಎಸ್‌ಡಿ.

ಇನ್ನು ಜಾಗದ ಲೆಕ್ಕ. ಒಂದು ಮದುವೆಗೆ 3000 ರಾ ಫೋಟೋ, ಒಂದಕ್ಕೆ 30 ಎಂಬಿ ಅಂದರೆ 90 ಜಿಬಿ. 100 ಎಂಬಿಪಿಎಸ್‌ನ 4ಕೆ ವಿಡಿಯೋ ಗಂಟೆಗೆ 45 ಜಿಬಿ, ಮೂರು ಗಂಟೆಗೆ 135. ಆಲ್ಬಮ್ ಫೈಲ್ ಸೇರಿ 250 ಜಿಬಿ ಹಿಡಿಯಿರಿ. ಸ್ವಲ್ಪ ಜಾಗ ಖಾಲಿ ಬಿಟ್ಟರೂ 4 ಟಿಬಿ ಹಾರ್ಡ್ ಡಿಸ್ಕ್‌ನಲ್ಲಿ ಹದಿನಾಲ್ಕು ಮದುವೆ ಹಿಡಿಯಬಹುದು. ಒಂದು ಡಿಸ್ಕ್ ಕೆಟ್ಟರೂ ಫೋಟೋ ಉಳಿಯಬೇಕಲ್ಲ, ಹಾಗಾಗಿ ಒಳಗೊಂದು ಡಿಸ್ಕ್, ಕಾಪಿಗೆ ಹೊರಗೆ ಅಷ್ಟೇ ದೊಡ್ಡ ಇನ್ನೆರಡು ಡಿಸ್ಕ್ ಬೇಕು.

ಹೊರಗಿನವನ್ನು ಕಾಪಿ ಮುಗಿದ ಕೂಡಲೇ ಕಿತ್ತಿಡಿ. ತುಲಾ ತಿಂಗಳ ಸಂಜೆ ಸಿಡಿಲು ಬಡಿದರೆ ಪ್ಲಗ್‌ನಲ್ಲಿ ಇದ್ದದ್ದೆಲ್ಲ ಒಟ್ಟಿಗೇ ಹೋಗಬಹುದು, ಯುಪಿಎಸ್ ಕೂಡ ತಡೆಯಲಿಕ್ಕಿಲ್ಲ. ಒಂದು ಡಿಸ್ಕ್ ಮನೆಯಲ್ಲಿರಲಿ, ಮಳೆಗಾಲದಲ್ಲಿ ಗಾಳಿಯಾಡದ ಡಬ್ಬದೊಳಗೆ ಸಿಲಿಕಾ ಜೆಲ್ ಜೊತೆ. ಕ್ಯಾಮೆರಾ ಕಾರ್ಡ್ ಅಳಿಸುವ ಮೊದಲು ಎರಡು ಕಾಪಿ ಆಗಿರಬೇಕು, ಎರಡರಲ್ಲೂ ನಾಲ್ಕೈದು ಫೋಟೋ ಮತ್ತು ಒಂದು ವಿಡಿಯೋ ತೆರೆದು ನೋಡಿರಬೇಕು.