ಮೂಗಿನ ಸ್ಪ್ರೇ: ರಕ್ತ ಬಂದದ್ದು ಯಾವ ಹೊಳ್ಳೆಯಲ್ಲಿ?

ಅಲರ್ಜಿಯ ಶೀತಕ್ಕೆ ಸ್ಟಿರಾಯ್ಡ್ ಸ್ಪ್ರೇ ಬರೆದುಕೊಟ್ಟರೆ ಕೆಲವರು ಎರಡು ವಾರದೊಳಗೆ ತಿರುಗಿ ಬರುತ್ತಾರೆ. ಮಾತು ಹೆಚ್ಚುಕಡಿಮೆ ಒಂದೇ: "ಡಾಕ್ಟ್ರೇ, ಅದು ಭಾರಿ ಉಷ್ಣ. ಮೂಗಲ್ಲಿ ರಕ್ತ ಬಂತು, ಬಿಟ್ಟುಬಿಟ್ಟೆ." ಅಷ್ಟರಲ್ಲಿ ಮನೆಯಲ್ಲಿ ಮುರುಗಲು ಪಾನಕವೋ ಎಳನೀರೋ ಶುರುವಾಗಿರುತ್ತದೆ. ಕುಡಿಯಲಿ, ಅದರಿಂದ ತೊಂದರೆಯೇನಿಲ್ಲ. ಆದರೆ ರಕ್ತ ಯಾವ ಹೊಳ್ಳೆಯಲ್ಲಿ ಬಂತು ಎಂದು ಕೇಳಿದರೆ ಬಲಗೈ ಬಳಸುವವರಲ್ಲಿ ಹಲವರು ತೋರಿಸುವುದು ಬಲ ಹೊಳ್ಳೆಯನ್ನೇ. ಉಷ್ಣವೇ ಕಾರಣವಾಗಿದ್ದರೆ ಎಡ ಹೊಳ್ಳೆ ಯಾಕೆ ಸುಮ್ಮನಿತ್ತು?

ಕಾರಣ ಸೀಸೆ ಹಿಡಿದ ಕೈಯಲ್ಲಿದೆ. ಬಲಗೈಯಲ್ಲಿ ಸೀಸೆ ಹಿಡಿದು ಬಲ ಹೊಳ್ಳೆಗೆ ಇಟ್ಟುಕೊಂಡು ನೋಡಿ. ಮೊಣಕೈ ಬಲಕ್ಕಿರುವುದರಿಂದ ಸೀಸೆಯ ತಳ ಬಲಕ್ಕೆ ವಾಲುತ್ತದೆ, ತುದಿ ಎಡಕ್ಕೆ, ಅಂದರೆ ಎರಡು ಹೊಳ್ಳೆಗಳ ನಡುವಿನ ಗೋಡೆಯತ್ತ ತಿರುಗುತ್ತದೆ. ಅದೇ ಬಲಗೈಯಿಂದ ಎಡ ಹೊಳ್ಳೆಗೆ ಇಟ್ಟರೆ ತುದಿ ತಾನಾಗಿ ಹೊರಗಡೆಗೆ, ಕೆನ್ನೆಯ ಕಡೆಗೆ ಹೋಗುತ್ತದೆ. ಒಂದೇ ಕೈಯಿಂದ ಎರಡೂ ಕಡೆ ಹೊಡೆದುಕೊಳ್ಳುವವರಿಗೆ ಗೊತ್ತಿಲ್ಲದೆಯೇ ಒಂದು ಕಡೆ ಸರಿ, ಇನ್ನೊಂದು ಕಡೆ ತಪ್ಪು ಆಗುತ್ತಿರುತ್ತದೆ.

ನಡುಗೋಡೆಗೆ ಬಿದ್ದರೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹೊಳ್ಳೆಯ ಬಾಯಿಂದ ಸುಮಾರು ಒಂದು ಸೆಂಟಿಮೀಟರ್ ಒಳಗೆ, ಬೆರಳು ಸುಲಭವಾಗಿ ಮುಟ್ಟುವಷ್ಟು ಹತ್ತಿರದಲ್ಲಿ, ನಡುಗೋಡೆಯ ಮುಂಭಾಗದಲ್ಲಿ ನಾಲ್ಕೈದು ರಕ್ತನಾಳಗಳ ಕವಲುಗಳು ಬಂದು ಹೆಣೆದುಕೊಂಡಿವೆ. ಲಿಟಲ್ಸ್ ಏರಿಯಾ ಎಂದು ಅದಕ್ಕೆ ಹೆಸರು. ಮೂಗಿನಿಂದ ರಕ್ತ ಬರುವ ಪ್ರಕರಣಗಳಲ್ಲಿ ಬಹುಪಾಲು ಈ ಜಾಗದ್ದೇ. ಅಲ್ಲಿ ಮೃದ್ವಸ್ಥಿಯ ಮೇಲೆ ಇರುವುದು ತೆಳ್ಳನೆಯ ಒಂದು ಪೊರೆ, ಅಷ್ಟೇ. ದಿನವೂ ಅದೇ ಜಾಗಕ್ಕೆ ಒತ್ತಡದ ಸಿಂಚನ ಬಿದ್ದರೆ, ಪೈಪಿನ ನೀರು ಒಂದೇ ಕಡೆ ಬಿಟ್ಟಾಗ ತೋಟದ ಮಣ್ಣು ಸವೆಯುವಂತೆ, ಆ ಪೊರೆ ಸವೆಯುತ್ತದೆ, ಒಣಗುತ್ತದೆ, ಹಕ್ಕಳೆ ಕಟ್ಟುತ್ತದೆ. ಹಕ್ಕಳೆ ಕಿತ್ತಾಗ ರಕ್ತ ಬರುತ್ತದೆ. ಔಷಧದ ಪಾತ್ರ ಏನೂ ಇಲ್ಲ ಎನ್ನಲಾರೆ. ಸ್ಟಿರಾಯ್ಡ್ ಒಂದೇ ಜಾಗದಲ್ಲಿ ಬೀಳುತ್ತಿದ್ದರೆ ಅಲ್ಲಿಯ ಪೊರೆ ಇನ್ನಷ್ಟು ತೆಳುವಾಗಬಹುದು. ಆದರೆ ಪರೀಕ್ಷೆಗಾಗಿ ಔಷಧವಿಲ್ಲದ ಸ್ಪ್ರೇ ಕೊಟ್ಟವರಲ್ಲೂ ಕೆಲವರಿಗೆ ರಕ್ತ ಬಂದದ್ದು ದಾಖಲಾಗಿದೆ. ಸಿಂಚನದ ಪೆಟ್ಟು ಮತ್ತು ತುದಿಯ ತರಚು ಅಷ್ಟು ಮುಖ್ಯ.

ಇನ್ನೊಂದು ನಷ್ಟವೂ ಇದೆ. ಊದಿಕೊಂಡು ಮೂಗು ಕಟ್ಟಿಸುವ ಟರ್ಬಿನೇಟ್ ಎಂಬ ಮಡಿಕೆಗಳು ಇರುವುದು ಹೊರಗೋಡೆಯಲ್ಲಿ, ಕೆನ್ನೆಯ ಬದಿಗೆ. ಔಷಧ ಬೇಕಾದದ್ದು ಅಲ್ಲಿಗೆ. ನಡುಗೋಡೆಗೆ ಹೊಡೆದುಕೊಂಡವರಿಗೆ ರಕ್ತವೂ ಬರುತ್ತದೆ, ಮೂಗೂ ಬಿಡುವುದಿಲ್ಲ, ಕೊನೆಗೆ ಸ್ಪ್ರೇ ಕೆಲಸಕ್ಕೆ ಬಾರದ್ದು ಎಂಬ ತೀರ್ಮಾನ.

ಒಂದು ಉದಾಹರಣೆ ನೋಡಿ. ಶಿರಸಿ ಹತ್ತಿರದ ತೋಟದ ಮನೆಯವರು, ಐವತ್ತು ದಾಟಿದ್ದಾರೆ. ಚಾಲಿ ಅಡಿಕೆ ಸುಲಿಯುವ ದಿನಗಳಲ್ಲಿ ಧೂಳಿಗೆ ಸೀನು, ಬೆಳಗಿನ ಜಾವ ಮೂಗು ಕಟ್ಟುವುದು. ಫ್ಲುಟಿಕಾಸೋನ್ ಸ್ಪ್ರೇ, ದಿನಕ್ಕೊಮ್ಮೆ ಪ್ರತಿ ಹೊಳ್ಳೆಗೆ ಎರಡು ಸಲ ಎಂದು ಬರೆದುಕೊಟ್ಟದ್ದು. ಹತ್ತು ದಿನಕ್ಕೆ ಕರವಸ್ತ್ರದಲ್ಲಿ ಕೆಂಪು ಗೆರೆ. ನಿಲ್ಲಿಸಿದರು, ರಕ್ತವೂ ನಿಂತಿತು. ಮತ್ತೆ ಶುರುಮಾಡಿದರು, ವಾರದೊಳಗೆ ಮತ್ತೆ ರಕ್ತ. ಅವರಿಗೆ ಇದು ಉಷ್ಣಕ್ಕೆ ಪಕ್ಕಾ ಸಾಕ್ಷಿ. ನಿಲ್ಲಿಸಿದರೆ ಸವೆದ ಪೊರೆ ಮಾಯುತ್ತದೆ, ಹಳೆಯ ರೀತಿಯಲ್ಲೇ ಶುರುಮಾಡಿದರೆ ಮತ್ತೆ ಸವೆಯುತ್ತದೆ. ಹಾಗಾಗಿ ಲೆಕ್ಕ ಎರಡೂ ಕಡೆಗೆ ಹೊಂದುತ್ತದೆ. ಲೈಟು ಹಾಕಿ ನೋಡಿದರೆ ಬಲಬದಿಯ ನಡುಗೋಡೆಯ ಮುಂತುದಿ ಕೆಂಪಾಗಿ, ಮೇಲೆ ಒಂದು ಒಣ ಹಕ್ಕಳೆ. ಎಡಬದಿ ಸ್ವಚ್ಛ. ನನ್ನೆದುರೇ ಹೊಡೆದು ತೋರಿಸಿ ಎಂದಾಗ ಎರಡೂ ಹೊಳ್ಳೆಗೆ ಬಲಗೈ, ತಲೆ ಹಿಂದಕ್ಕೆ, ತುದಿ ಪೂರ್ತಿ ಒಳಗೆ, ಒತ್ತಿದ ಕೂಡಲೇ ಗಂಟಲವರೆಗೆ ಸೊರಕ್ಕೆಂದು ಎಳೆತ.

ಅವರಿಗೆ ಔಷಧ ಬದಲಿಸಲಿಲ್ಲ. ಬಲ ಹೊಳ್ಳೆಗೆ ಒಂದು ವಾರ ಸ್ಪ್ರೇ ಬೇಡ, ಎಡಕ್ಕೆ ಮುಂದುವರಿಸಿ ಎಂದೆ. ಬಲಕ್ಕೆ ದಿನಕ್ಕೆ ಮೂರ್ನಾಲ್ಕು ಸಲ ಉಪ್ಪುನೀರಿನ ಹನಿ, ಬೆಳಿಗ್ಗೆ ರಾತ್ರಿ ಕಿರುಬೆರಳ ತುದಿಯಿಂದ ಹೊಳ್ಳೆಯ ಬಾಯಿಯ ಒಳಂಚಿಗೆ ಪೆಟ್ರೋಲಿಯಂ ಜೆಲ್ಲಿಯ ತೆಳು ಲೇಪ. ಹಕ್ಕಳೆಗೆ ಉಗುರು ತಾಗಿಸಬಾರದು. ಬಲಕ್ಕೆ ಮತ್ತೆ ಶುರುಮಾಡುವುದು ಎಡಗೈಯಿಂದ. ಎರಡು ವಾರ ಬಿಟ್ಟು ನೋಡಿದಾಗ ಪೊರೆ ಮಾದಿತ್ತು, ಬೆಳಗಿನ ಸೀನೂ ಇಳಿದಿತ್ತು. ಎಲ್ಲರಿಗೂ ಇದೇ ಕ್ರಮ ಸಾಕಾಗುತ್ತದೆ ಎಂದು ಹೇಳಲಾರೆ. ಆಸ್ಪಿರಿನ್, ಕ್ಲೊಪಿಡೊಗ್ರೆಲ್, ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು ಅದನ್ನು ತಮ್ಮಷ್ಟಕ್ಕೆ ನಿಲ್ಲಿಸದೆ ಮೊದಲು ತೋರಿಸಬೇಕು.

ಇನ್ನು ಸರಿಯಾದ ರೀತಿ. ಸೀಸೆ ಅಲುಗಿಸಿ, ಒಳಗಿನ ಔಷಧ ತಳಕ್ಕಿಳಿದಿರುತ್ತದೆ. ಹೊಸ ಸೀಸೆಯಾದರೆ, ಅಥವಾ ಕೆಲವು ದಿನ ಬಳಸದೆ ಇಟ್ಟಿದ್ದರೆ, ಸಣ್ಣ ಮಂಜಿನಂತೆ ಬರುವ ತನಕ ಗಾಳಿಗೆ ಒತ್ತಿ. ಹೊಸದಕ್ಕೆ ಸಾಮಾನ್ಯವಾಗಿ ಆರರಿಂದ ಹತ್ತು ಸಲ ಬೇಕಾಗುತ್ತದೆ, ನಿಮ್ಮ ಸೀಸೆಯ ಲೆಕ್ಕ ಅದರ ಚೀಟಿಯಲ್ಲಿರುತ್ತದೆ. ಮೂಗನ್ನು ಮೆಲ್ಲಗೆ ಸೀದಿ. ತಲೆ ಸ್ವಲ್ಪ ಮುಂದಕ್ಕೆ ಬಾಗಲಿ, ನಿಮ್ಮ ಪಾದದ ಬೆರಳು ಕಾಣುವಷ್ಟು. ಬಲ ಹೊಳ್ಳೆಗೆ ಎಡಗೈ, ಎಡ ಹೊಳ್ಳೆಗೆ ಬಲಗೈ. ತುದಿ ಅರ್ಧ ಸೆಂಟಿಮೀಟರ್‌ನಷ್ಟು ಒಳಗಿದ್ದರೆ ಸಾಕು, ಯಾವ ಗೋಡೆಗೂ ತಾಗಬಾರದು. ಬಳಿಕ ತುದಿಯನ್ನು ಅದೇ ಬದಿಯ ಕಣ್ಣಿನ ಹೊರಮೂಲೆಯ ದಿಕ್ಕಿಗೆ ತಿರುಗಿಸಿ. ಈ ತಿರುಗಿಸುವುದನ್ನೇ ಜನ ಬಿಟ್ಟುಬಿಡುತ್ತಾರೆ. ನೆಟ್ಟಗೆ ಮೇಲಕ್ಕೆ, ಹುಬ್ಬುಗಳ ನಡುವಿಗೆ ಗುರಿ ಇಟ್ಟರೂ ನಡುಗೋಡೆಗೇ ತಾಗುತ್ತದೆ.

ಅಂದಾಜು ಸಿಗದಿದ್ದರೆ ಮೊದಲ ನಾಲ್ಕು ದಿನ ಕನ್ನಡಿ ಮುಂದೆ ನಿಲ್ಲಿ. ತುದಿ ಮೂಗಿನೊಳಗಿರುವುದರಿಂದ ಕಾಣುವುದಿಲ್ಲ, ನೋಡಬೇಕಾದದ್ದು ಸೀಸೆಯ ತಳವನ್ನು. ಬಲ ಹೊಳ್ಳೆಗೆ ಹಾಕುವಾಗ ತಳವು ತುಟಿಯ ನಡುವನ್ನು ದಾಟಿ ಸ್ವಲ್ಪ ಎಡಬದಿಗೆ ಬಂದಿರಬೇಕು. ಬಲಕ್ಕೇ ಉಳಿದಿದ್ದರೆ ತುದಿ ನಡುಗೋಡೆಯತ್ತ ಇದೆ ಎಂದೇ ಅರ್ಥ.

ಒತ್ತುವಾಗ ತೋರುಬೆರಳು ಮತ್ತು ನಡುಬೆರಳು ಸೀಸೆಯ ಭುಜದ ಮೇಲೆ, ಹೆಬ್ಬೆರಳು ತಳಕ್ಕೆ. ಒಂದೇ ಸಲಕ್ಕೆ ಪೂರ್ತಿ ಒತ್ತಬೇಕು, ಅರೆಮನಸ್ಸಿನಿಂದ ಒತ್ತಿದರೆ ಮಂಜಿನ ಬದಲು ಹನಿ ಬೀಳುತ್ತದೆ. ಎಡಗೈಗೆ ಬಲ ಸಾಲದ ಹಿರಿಯರು ಗಾಳಿಗೆ ಒಂದೆರಡು ಸಲ ಒತ್ತಿ ಅಭ್ಯಾಸ ಮಾಡಿಕೊಳ್ಳಲಿ. ಒತ್ತುತ್ತಲೇ ಹೂವಿನ ವಾಸನೆ ನೋಡುವಷ್ಟು ಮೆಲ್ಲಗೆ ಉಸಿರೆಳೆದು ಬಾಯಿಂದ ಬಿಡಿ. ಎರಡನೇ ಸಲಕ್ಕೆ ತುದಿಯ ದಿಕ್ಕನ್ನು ಕೂದಲೆಳೆಯಷ್ಟು ಬದಲಿಸಿ, ಒಂದೇ ಜಾಗಕ್ಕೆ ಬೀಳದಿರಲಿ. ಹತ್ತು ಹದಿನೈದು ನಿಮಿಷ ಮೂಗು ಸೀದಬೇಡಿ. ಗಂಟಲಲ್ಲಿ ಔಷಧದ ರುಚಿ ಬಂತೆಂದರೆ ಜೋರಾಗಿ ಎಳೆದಿದ್ದೀರಿ ಅಥವಾ ತಲೆ ಹಿಂದಕ್ಕಿತ್ತು.

ತುದಿಯ ರಂಧ್ರ ಕಟ್ಟಿದಾಗ ಪಿನ್ನು ಚುಚ್ಚುವವರಿದ್ದಾರೆ. ದಯವಿಟ್ಟು ಬೇಡ. ರಂಧ್ರ ದೊಡ್ಡದಾದರೆ ಮಂಜು ಹೋಗಿ ಧಾರೆಯಾಗುತ್ತದೆ, ಪೊರೆಗೆ ಇನ್ನೂ ಕೆಟ್ಟದ್ದು, ಡೋಸಿನ ಲೆಕ್ಕವೂ ತಪ್ಪುತ್ತದೆ. ತುದಿಯನ್ನು ಕಳಚಲು ಬರುವ ಸೀಸೆಯಾದರೆ ಅದನ್ನು ಬೆಚ್ಚಗಿನ ನೀರಲ್ಲಿ ತೊಳೆದು, ಒಣಗಿಸಿ, ಮತ್ತೆ ಗಾಳಿಗೆ ಒತ್ತಿ ನೋಡಿ.

ಮಕ್ಕಳಿಗೆ ಹಾಕುವಾಗ ಎದುರು ಕೂತರೆ ಎಡಬಲ ಅದಲುಬದಲಾಗುತ್ತದೆ. ಮಗುವಿನ ಹಿಂದೆ ನಿಂತು ಹಾಕಿ, ಆಗ ನಿಮಗೆ ಹೇಳಿದ ಕೈಯೇ ಮಗುವಿಗೂ ಸರಿಹೊಂದುತ್ತದೆ. ಡೋಸು ಮಾತ್ರ ಮಗುವಿಗೆ ಬರೆದಷ್ಟೇ.

ಇಷ್ಟು ಮಾಡಿಯೂ ರಕ್ತ ಬಂದರೆ ಕೂತು ಮುಂದಕ್ಕೆ ಬಾಗಿ, ಮೂಗಿನ ಮೂಳೆಯನ್ನಲ್ಲ, ಅದರ ಕೆಳಗಿನ ಮೆತ್ತನೆಯ ಭಾಗವನ್ನು ಎರಡು ಬೆರಳಲ್ಲಿ ಹತ್ತರಿಂದ ಹದಿನೈದು ನಿಮಿಷ ಬಿಡದೆ ಹಿಡಿಯಿರಿ. ನಡುನಡುವೆ ಬಿಟ್ಟು ನೋಡಬೇಡಿ. ತಲೆ ಹಿಂದಕ್ಕೆ ಹಾಕಿ ಮಲಗಿದರೆ ರಕ್ತ ಗಂಟಲಿಗಿಳಿದು ವಾಂತಿಯಾಗುತ್ತದೆ. ಹದಿನೈದು ಇಪ್ಪತ್ತು ನಿಮಿಷಕ್ಕೂ ನಿಲ್ಲದಿದ್ದರೆ ಕಾಯದೆ ಆಸ್ಪತ್ರೆಗೆ ಹೋಗಿ. ಕರವಸ್ತ್ರದಲ್ಲಿ ಒಂದೆರಡು ಸಲ ಕಂಡ ಗೆರೆಗೆ ಗಾಬರಿ ಬೇಡ, ಆ ಬದಿಗೆ ಕೆಲವು ದಿನ ಬಿಡುವು ಕೊಟ್ಟು ಕೈ ಸರಿಪಡಿಸಿಕೊಳ್ಳಿ. ಆದರೆ ಒಂದೇ ಬದಿಯಲ್ಲಿ ಮತ್ತೆ ಮತ್ತೆ ರಕ್ತದೊಂದಿಗೆ ಆ ಹೊಳ್ಳೆ ಕಟ್ಟಿಯೇ ಇದ್ದರೆ, ಅಥವಾ ಉಸಿರಾಡುವಾಗ ಮೂಗಿನೊಳಗೆ ಸಿಳ್ಳೆಯಂಥ ಸದ್ದು ಹೊಸದಾಗಿ ಕೇಳಿಸತೊಡಗಿದರೆ ಸ್ಪ್ರೇ ನಿಲ್ಲಿಸಿ ಕಿವಿ-ಮೂಗು-ಗಂಟಲಿನ ವೈದ್ಯರಿಗೆ ತೋರಿಸಿ. ಸಿಳ್ಳೆ ಸದ್ದು ನಡುಗೋಡೆಯಲ್ಲಿ ತೂತು ಬಿದ್ದಿರುವುದರ ಗುರುತಾಗಿರಬಹುದು. ಅದು ಅಪರೂಪ, ಆದರೆ ಬೇಗ ಕಂಡುಹಿಡಿಯಬೇಕಾದದ್ದು. ಹೋಗುವಾಗ ಸೀಸೆಯನ್ನೂ ಜೊತೆಗೆ ಒಯ್ಯಿರಿ, ನೀವು ಹಾಕಿಕೊಳ್ಳುವ ರೀತಿಯನ್ನು ಅವರ ಎದುರೇ ಒಮ್ಮೆ ಮಾಡಿ ತೋರಿಸಿ.