ಡಿಐಒ: ಇಲ್ಲಿ ‘ಬಾಕಿ’ ಯಾರದ್ದು?

‘ಡೇಸ್ ಇನ್ವೆಂಟರಿ ಔಟ್‌ಸ್ಟ್ಯಾಂಡಿಂಗ್’ ಎಂಬುದನ್ನು, ಅಂದರೆ ಡಿಐಒವನ್ನು, ‘ದಾಸ್ತಾನು ಬಾಕಿ ದಿನಗಳು’ ಎಂದು ಅನುವಾದಿಸಿ, ಮಾಲು ಕೊಟ್ಟವರಿಗೆ ಹಣ ಕೊಡಲು ಇನ್ನೆಷ್ಟು ದಿನ ಇದೆ ಎಂಬ ಅರ್ಥದಲ್ಲಿ ಬಳಸುವುದುಂಟು. ಆ ಲೆಕ್ಕಕ್ಕೆ ಬೇರೆಯೇ ಹೆಸರಿದೆ. ಡಿಐಒದಲ್ಲಿ ಯಾರೂ ಯಾರಿಗೂ ಏನನ್ನೂ ಕೊಡಬೇಕಾಗಿಲ್ಲ.

ಎಡವಟ್ಟಿನ ಮೂಲ ‘ಬಾಕಿ’ ಪದದಲ್ಲೇ ಇದೆ. ಅರಬ್ಬಿಯಿಂದ ಬಂದ ಈ ಪದಕ್ಕೆ ‘ಉಳಿದದ್ದು’ ಎಂದರ್ಥ. ಉದ್ರಿ ಪುಸ್ತಕಕ್ಕೆ ಅಂಟಿಕೊಂಡ ಮೇಲೆ ಅದು ‘ಕೊಡಬೇಕಾದ್ದು’ ಆಯಿತು. ‘ಔಟ್‌ಸ್ಟ್ಯಾಂಡಿಂಗ್’ ಪದದ ಒಳಗಿರುವುದು ಬೇರೆ ಚಿತ್ರ: ಹೊರಗೆ ನಿಂತದ್ದು. ಗಲ್ಲಾಪೆಟ್ಟಿಗೆಯಿಂದ ಹೊರಟ ದುಡ್ಡು ಮಾಲಾಗಿ ಕಪಾಟಿನಲ್ಲಿ ನಿಂತಿದೆ, ಇನ್ನೂ ಮರಳಿಲ್ಲ. ಎಷ್ಟು ದಿನ ಹಾಗೆ ನಿಂತಿರುತ್ತದೆ ಎಂಬುದೇ ಡಿಐಒ. ‘ದುಡ್ಡು ಮಾಲಾಗಿ ಕೂತ ದಿನಗಳು’ ಎಂದರೆ ಅರ್ಥ ಕೆಡುವುದಿಲ್ಲ. ‘ಬಾಕಿ’ಯನ್ನು ಉದ್ರಿ ಪುಸ್ತಕಕ್ಕೇ ಬಿಡೋಣ.

ಲೆಕ್ಕ ಸರಳ. ಸರಾಸರಿ ದಾಸ್ತಾನಿನ ಮೌಲ್ಯವನ್ನು, ಆ ವರ್ಷ ಮಾರಿದ ಮಾಲಿನ ಅಸಲಿನಿಂದ ಭಾಗಿಸಿ 365ರಿಂದ ಗುಣಿಸಿ. ಅಸಲಿನಿಂದ, ಮಾರಾಟದ ಮೊತ್ತದಿಂದಲ್ಲ. ಕಪಾಟಿನಲ್ಲಿರುವ ಮಾಲನ್ನು ಖರೀದಿ ಬೆಲೆಗೆ ಬರೆದಿರುತ್ತೀರಿ; ಮಾರಾಟದಲ್ಲಿ ಲಾಭವೂ ಸೇರಿರುತ್ತದೆ. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ದಿನಗಳು ಸುಮ್ಮನೆ ಕಡಿಮೆ ಕಾಣುತ್ತವೆ. ಮಾರಾಟದ ಮೊತ್ತದಲ್ಲಿ ಜಿಎಸ್‌ಟಿಯೂ ಸೇರಿದ್ದರೆ ಇನ್ನೂ ಕಡಿಮೆ.

ಶಾಲಾ ನೋಟ್‌ಬುಕ್, ಬ್ಯಾಗ್, ಸಮವಸ್ತ್ರ ಮಾರುವ ಒಂದು ಅಂಗಡಿ ಇದೆ ಎನ್ನಿ. ವರ್ಷದ ಮಾರಾಟ 1.5 ಕೋಟಿ, ಮಾರಿದ ಮಾಲಿನ ಅಸಲು 1.2 ಕೋಟಿ, ಸರಾಸರಿ ದಾಸ್ತಾನು 30 ಲಕ್ಷ. ಸರಿಯಾದ ಲೆಕ್ಕದಲ್ಲಿ ಡಿಐಒ 91 ದಿನ. ಮಾರಾಟದಿಂದ ಭಾಗಿಸಿದರೆ 73. ಆ 18 ದಿನ ಕಾಗದದ ಮೇಲಷ್ಟೇ ಮಾಯವಾಗುತ್ತವೆ.

‘ಸರಾಸರಿ’ಯನ್ನು ಹಗುರವಾಗಿ ತೆಗೆದುಕೊಳ್ಳುವುದೂ ಸಾಮಾನ್ಯ. ಇಂಥ ಅಂಗಡಿಗೆ ಮಾಲು ತುಂಬುವುದು ಮೇ ತಿಂಗಳಲ್ಲಿ, ಶಾಲೆ ಶುರುವಾಗುವ ಮುಂಚೆ. ಮಾರ್ಚ್ 31ರಂದು ಕಪಾಟು ಅರ್ಧ ಖಾಲಿ. ದಾಸ್ತಾನು 12 ಲಕ್ಷ ಮಾತ್ರ ಇರಬಹುದು. ಆಡಿಟ್‌ಗೆ ಕೊಟ್ಟ ಆ ಅಂಕಿಯನ್ನೇ ಹಿಡಿದರೆ ಡಿಐಒ 37 ದಿನಕ್ಕಿಳಿಯುತ್ತದೆ. ಎರಡು ಮಾರ್ಚ್‌ಗಳ ಸರಾಸರಿ ತೆಗೆದರೂ ಅದೇ ಕಥೆ. ಹಂಗಾಮಿನ ವ್ಯಾಪಾರದವರು ಹನ್ನೆರಡು ತಿಂಗಳ ಕೊನೆಯ ದಾಸ್ತಾನನ್ನು ಕೂಡಿ ಹನ್ನೆರಡರಿಂದ ಭಾಗಿಸಲೇಬೇಕು.

ಇನ್ನು ದುಡ್ಡಿನ ಮಾತು. 1.2 ಕೋಟಿಯನ್ನು 365ರಿಂದ ಭಾಗಿಸಿದರೆ ದಿನಕ್ಕೆ ಸುಮಾರು 33 ಸಾವಿರ. ಮಾಲು ಕೂರುವ ಒಂದೊಂದು ದಿನಕ್ಕೂ ಅಷ್ಟು ಹಣ ಕಟ್ಟಿಹಾಕಿಕೊಂಡಿರುತ್ತದೆ. ಸಪ್ಲೈಯರ್ 30 ದಿನ ಸಾಲ ಕೊಟ್ಟರೆ, ಸ್ಥೂಲವಾಗಿ 10 ಲಕ್ಷದ ಮಾಲು ಅವರ ದುಡ್ಡಿನಲ್ಲಿ ನಿಂತಿದೆ. ಉಳಿದ 61 ದಿನಗಳ 20 ಲಕ್ಷ ನಿಮ್ಮದು, ಇಲ್ಲವೇ ಬ್ಯಾಂಕಿನ ಓಡಿಯದು. ಶೇ 12ರ ಬಡ್ಡಿಯಲ್ಲಿ ವರ್ಷಕ್ಕೆ 2.4 ಲಕ್ಷ. ಲಾಭ ಇದ್ದೂ ಕೈಯಲ್ಲಿ ಕಾಸಿಲ್ಲ ಎನ್ನುವವರು ಮೊದಲು ನೋಡಬೇಕಾದದ್ದು ಇಲ್ಲಿ. ಶಾಲೆಗಳಿಗೆ ಉದ್ರಿ ಕೊಟ್ಟಿದ್ದರೆ ಆ ದಿನಗಳೂ ಇದರ ಮೇಲೆ ಸೇರುತ್ತವೆ.

ಡಿಐಒ 91ರಿಂದ 76ಕ್ಕೆ ಇಳಿದರೆ ಸುಮಾರು 5 ಲಕ್ಷ ಬಿಡುಗಡೆಯಾಗುತ್ತದೆ. ಒಂದೇ ಸಲ. ಪ್ರತಿ ವರ್ಷ ಉಳಿಯುವುದು ಅದರ ಬಡ್ಡಿ, 60 ಸಾವಿರದಷ್ಟು. ಇದನ್ನೇ ‘ವರ್ಷಕ್ಕೆ 5 ಲಕ್ಷ ಉಳಿತಾಯ’ ಎಂದು ಬರೆಯುವವರ ಜೊತೆ ವಾದಿಸಿ ಪ್ರಯೋಜನವಿಲ್ಲ.

ಇಳಿದದ್ದು ಹೇಗೆ ಎಂದೂ ಕೇಳಬೇಕು. ಆ 30 ಲಕ್ಷದಲ್ಲಿ 5 ಲಕ್ಷ ಹಳೆಯ ಸಮವಸ್ತ್ರ ಎನ್ನಿ: ಶಾಲೆ ಬಣ್ಣ ಬದಲಿಸಿತು, ಹೊಲಿಸಿಟ್ಟದ್ದು ಹಾಗೇ ಉಳಿಯಿತು. 91 ದಿನಗಳಲ್ಲಿ 15 ದಿನ ಅದರದ್ದೇ. ಒಟ್ಟು ಡಿಐಒ ಇದನ್ನು ತೋರಿಸುವುದಿಲ್ಲ. ನೋಟ್‌ಬುಕ್, ಬ್ಯಾಗ್, ಸಮವಸ್ತ್ರಕ್ಕೆ ಬೇರೆಬೇರೆ ಲೆಕ್ಕ ಹಾಕಿದರಷ್ಟೇ ಸಿಗುತ್ತದೆ. ಆ ಬಟ್ಟೆಯನ್ನು ಅರ್ಧ ಬೆಲೆಗೆ ಕೊಟ್ಟರೆ ಮುಂದಿನ ವರ್ಷಕ್ಕೆ ಡಿಐಒ 76 ಆಗುತ್ತದೆ, ಕೈಗೆ ಬರುವುದು ಎರಡೂವರೆ ಲಕ್ಷ. ನಷ್ಟಕ್ಕೆ ಬರೆದು ಪುಸ್ತಕದಿಂದ ತೆಗೆದರೂ ಡಿಐಒ 76ಕ್ಕೇ ಇಳಿಯುತ್ತದೆ, ಕೈಗೆ ಒಂದು ಪೈಸೆಯೂ ಬರುವುದಿಲ್ಲ. ಆ ನಷ್ಟವನ್ನು ಮಾರಿದ ಮಾಲಿನ ಅಸಲಿಗೇ ಸೇರಿಸಿದರಂತೂ ಅದು 76ಕ್ಕಿಂತಲೂ ಕೆಳಗಿಳಿದು ಇನ್ನೂ ಚೆನ್ನಾಗಿ ಕಾಣುತ್ತದೆ.